‘ಓಕೆ, ಮಾಡಿ’ ಅಂದದ್ದು ಯಾವುದಕ್ಕೆ? ಭೋಸರಿಯ ಒಂದು ಮೇಲ್‌ನ ಪ್ರಕರಣ ಅಧ್ಯಯನ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ವಾಟರ್ ಪಂಪ್ ಬಾಡಿಗಳನ್ನು ಮಷಿನಿಂಗ್ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆ. ಕಾಸ್ಟಿಂಗ್ ಬರುವುದು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಿಂದ, ತಯಾರಾದ ಮಾಲು ಹೋಗುವುದು ಚಾಕಣದ ಗ್ರಾಹಕ ಕಂಪನಿಗೆ. ಖರೀದಿ ನೋಡಿಕೊಳ್ಳುವವರು ಗೋಕಾಕ ಕಡೆಯವರು, ಪ್ಲಾಂಟ್ ಹೆಡ್ ಧಾರವಾಡದವರು. ಇಬ್ಬರ ನಡುವೆ ಬಾಯಿಮಾತೆಲ್ಲ ಕನ್ನಡ, ಮೇಲ್ ಮಾತ್ರ ಇಂಗ್ಲಿಷ್. ಇಂಥ ಕಚೇರಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಕಾರ್ಖಾನೆಯ ಒಂದೇ ವಾರಕ್ಕೆ ತಂದು ಕಟ್ಟಿದ ಪ್ರಕರಣ ಇದು. ಅಂಕಿಗಳು ಉದಾಹರಣೆಗಾಗಿ. ಮೇಲ್‌ಗಳನ್ನು ಓದುವ ಅನುಕೂಲಕ್ಕೆ ಕನ್ನಡದಲ್ಲೇ ಕೊಟ್ಟಿದೆ.

ವಾರದ ಲೆಕ್ಕ ಹೀಗಿದೆ. ಶನಿವಾರ ಚಾಕಣಕ್ಕೆ 400 ಪೀಸ್ ಹೋಗಬೇಕು. ಸೋಮವಾರ ರಾತ್ರಿ ಬೆಳಗಾವಿಯಿಂದ ಲಾಟ್ ಬಂತು, ಎರಡು ದಿನ ತಡವಾಗಿ. ಮಂಗಳವಾರ ಅಳೆದು ನೋಡಿದರೆ 220 ಪೀಸ್ ಸರಿ ಇವೆ, 180ರಲ್ಲಿ ಒಂದು ಬದಿಯ ಗೋಡೆ ತೆಳ್ಳಗಿದೆ. ಒಳಗಿನ ಟೊಳ್ಳು ಮೂಡಿಸಲು ಅಚ್ಚಿನೊಳಗೆ ಇಡುವ ಕೋರ್ ಸರಿದರೆ ಹೀಗೇ ಆಗುವುದು: ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಒಂದು ಪೀಸಿನ ಮಷಿನಿಂಗಿಗೆ 4 ನಿಮಿಷ. 180 ಪೀಸೆಂದರೆ 720 ನಿಮಿಷ, ಅಂದರೆ ಒಂದು ಮಷಿನ್ನಿಗೆ 12 ಗಂಟೆಯ ಕೆಲಸ. ಪಿಂಪ್ರಿ-ಚಿಂಚವಾಡ, ಭೋಸರಿ ಕಡೆ ಕಾರ್ಖಾನೆಗಳ ವಾರದ ರಜೆ ಗುರುವಾರ. ಹಾಗಾಗಿ ಕೈಯಲ್ಲಿ ಉಳಿದಿದ್ದು ಬುಧವಾರ, ಶುಕ್ರವಾರ ಎರಡೇ ದಿನ. ಶುಕ್ರವಾರ ಪ್ಯಾಕಿಂಗ್ ಆಗಬೇಕು.

ಮಂಗಳವಾರ ಸಂಜೆ 5.40ಕ್ಕೆ ಖರೀದಿ ಅಧಿಕಾರಿ ಪ್ಲಾಂಟ್ ಹೆಡ್‌ಗೆ ಈ ಮೇಲ್ ಕಳಿಸಿದರು. ಸಿಸಿಯಲ್ಲಿ ಕ್ವಾಲಿಟಿ ಇಂಜಿನಿಯರ್, ಶಾಪ್ ಸೂಪರ್‌ವೈಸರ್, ಸ್ಟೋರ್ಸ್, ಅಕೌಂಟ್ಸ್ ಎಲ್ಲರೂ ಇದ್ದರು.

> ವಿಷಯ: Re: Fwd: ಕಾಸ್ಟಿಂಗ್ ಸಂಬಂಧ - ಅರ್ಜೆಂಟ್
>
> ಗೌರವಾನ್ವಿತ ಸರ್, ನಮಸ್ಕಾರ. ತಾವು ಕ್ಷೇಮವೆಂದು ಭಾವಿಸುತ್ತೇನೆ.
>
> ತಮಗೆ ತಿಳಿದಿರುವಂತೆ ಶನಿವಾರ ಗ್ರಾಹಕರಿಗೆ 400 ಪಂಪ್ ಬಾಡಿ ಕಳಿಸಬೇಕಾಗಿದೆ. ಬೆಳಗಾವಿಯಿಂದ ಲಾಟ್ ಎರಡು ದಿನ ತಡವಾಗಿ ಬಂದಿದೆ. ಈ ಬಗ್ಗೆ ಕಳೆದ ವಾರದಿಂದಲೂ ಅವರಿಗೆ ಮೂರು ಸಲ ಫೋನ್ ಮಾಡಿದ್ದೆವು. ಲಾರಿ ಸಿಗಲಿಲ್ಲ ಎಂದು ಹೇಳಿದರು.
>
> ಲಾಟ್ ತಡವಾದ್ದರಿಂದ ಬುಧವಾರದೊಳಗೆ ಎಲ್ಲ ಮಷಿನಿಂಗ್ ಮುಗಿಯುವುದಿಲ್ಲ. ಗುರುವಾರ ರಜೆ ಇದೆ. ಆ ದಿನ ಒಂದು ಮಷಿನ್ ಎರಡು ಪಾಳಿ ನಡೆಸಲು ನಾಲ್ಕು ಜನರನ್ನು ಓಟಿಗೆ ಕರೆಸಬೇಕಾಗುತ್ತದೆ, ತಮ್ಮ ಒಪ್ಪಿಗೆ ಬೇಕು.
>
> ಜೊತೆಗೆ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜಿನ ಕ್ಯಾಲಿಬ್ರೇಶನ್ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಲ್ಯಾಬಿನ ಕೊಟೇಶನ್ ಲಗತ್ತಿಸಿದೆ. ಅದನ್ನೂ ಗಮನಿಸಬೇಕು.
>
> ಇನ್‌ಸ್ಪೆಕ್ಷನ್ ಮಾಡುವಾಗ ಕೆಲವು ಪೀಸುಗಳಲ್ಲಿ ಕೋರ್ ಸರಿದು ಗೋಡೆ ಸ್ವಲ್ಪ ತೆಳ್ಳಗಾಗಿರುವುದು ಗಮನಕ್ಕೆ ಬಂದಿದ್ದು, ಫೌಂಡ್ರಿಯವರಿಗೆ ತಿಳಿಸಲಾಗಿ ಮುಂದಿನ ಲಾಟ್‌ನಲ್ಲಿ ಸರಿಪಡಿಸುವುದಾಗಿ ಹೇಳಿದ್ದು, ಸದ್ಯ ಇರುವ ಸುಮಾರು 180 ಪೀಸುಗಳ ಬಗ್ಗೆ ತಾವು ಗ್ರಾಹಕರ ಬಳಿ ಡೀವಿಯೇಶನ್ ವಿಚಾರ ಮಾತಾಡಿದರೆ ಅನುಕೂಲವಾಗುತ್ತದೆ ಎಂದು ಕೋರುತ್ತೇನೆ.
>
> ಮೇಲಿನ ವಿಷಯಗಳನ್ನು ಪರಿಶೀಲಿಸಿ ಅಗತ್ಯ ಕ್ರಮ ಕೈಗೊಳ್ಳಬೇಕೆಂದು ವಿನಂತಿ.

ಬುಧವಾರ ಬೆಳಿಗ್ಗೆ 9.10ಕ್ಕೆ ಪ್ಲಾಂಟ್ ಹೆಡ್ ಫೋನಿನಿಂದಲೇ ಎಲ್ಲರಿಗೂ ಉತ್ತರ ಕಳಿಸಿದರು: ‘ಓಕೆ, ಮಾಡಿ.’

ಆ ಎರಡು ಪದವನ್ನು ಸಿಸಿಯಲ್ಲಿದ್ದ ಒಬ್ಬೊಬ್ಬರೂ ತಮ್ಮ ಕೆಲಸಕ್ಕೆ ಹೊಂದಿಸಿಕೊಂಡರು. ಸೂಪರ್‌ವೈಸರ್ ಗುರುವಾರಕ್ಕೆ ನಾಲ್ಕು ಜನರನ್ನು ಗೊತ್ತು ಮಾಡಿದರು. ಸಾಹೇಬರು ಗ್ರಾಹಕರ ಜೊತೆ ಮಾತಾಡಿ ಡೀವಿಯೇಶನ್, ಅಂದರೆ ಅಳತೆ ತಪ್ಪಿದ ಮಾಲಿಗೂ ಅವರ ಅನುಮತಿ, ಪಡೆದಿದ್ದಾರೆ ಅಂದುಕೊಂಡ ಕ್ವಾಲಿಟಿ ಇಂಜಿನಿಯರ್ 180 ಪೀಸುಗಳನ್ನು ಬಿಟ್ಟುಕೊಟ್ಟರು. ಅಕೌಂಟ್ಸ್‌ನವರು ಗೇಜಿನ ಕೊಟೇಶನ್ ಮಂಜೂರಾಯಿತೆಂದು ಬರೆದಿಟ್ಟರು. ಗುರುವಾರ 12 ಗಂಟೆ ಮಷಿನ್ ಓಡಿ 180 ಪೀಸೂ ತಯಾರಾದವು. ಶುಕ್ರವಾರ ಡಿಸ್ಪ್ಯಾಚ್ ಕಾಗದದಲ್ಲಿ ಡೀವಿಯೇಶನ್ ನಂಬರಿನ ಜಾಗ ಖಾಲಿ ಇರುವುದು ಕಂಡಾಗಲೇ ಪ್ಲಾಂಟ್ ಹೆಡ್‌ಗೆ ಫೋನ್ ಹೋದದ್ದು.

‘ಏನ್ರಿ, ನಾ ಓಟಿಗೆ ಹೂಂ ಅಂದಿದ್ದೆ. ಗ್ವಾಡಿ ತೆಳ್ಳಗಾಗೇದ ಅನ್ನೂದು ಎಲ್ಲಿ ಬರದೀರಿ?’

‘ನಾಕನೇ ಪ್ಯಾರಾದಾಗ ಐತ್ರಿ ಸಾಹೇಬ್ರ.’

ಇಬ್ಬರ ಮಾತೂ ನಿಜ. ನಾಲ್ಕನೇ ಪ್ಯಾರಾದಲ್ಲಿ ಅದು ಇತ್ತು, ಎರಡನೇ ಪ್ಯಾರಾದವರೆಗೆ ಓದಿದವರಿಗೆ ಅದು ಸಿಗಲಿಲ್ಲ. ‘ಒಪ್ಪಿಗೆ ಬೇಕು’ ಎಂಬ ಮಾತು ಇಡೀ ಮೇಲ್‌ನಲ್ಲಿ ಒಂದೇ ಕಡೆ, ಓಟಿಯ ಮುಂದೆ ಮಾತ್ರ ಇದೆ. ಹುಡುಕುತ್ತಾ ಬಂದ ಓದುಗ ಅದು ಸಿಕ್ಕ ಕೂಡಲೇ ಅಲ್ಲಿಗೇ ಉತ್ತರ ಕೊಟ್ಟು ಮುಂದಿನ ಮೇಲ್‌ಗೆ ಹೋಗಿದ್ದಾರೆ. ದಿನಕ್ಕೆ ನೂರು ಮೇಲ್ ನೋಡುವವರು ಹಾಗೆ ಮಾಡುವುದು ಸಹಜ. ಅದನ್ನು ಅವರ ತಪ್ಪೆಂದು ಹಿಡಿಯುವುದರಿಂದ ಮುಂದಿನ ಮೇಲ್ ಸುಧಾರಿಸುವುದಿಲ್ಲ.

ನಷ್ಟ ಎಷ್ಟಾಯಿತು? ವಾಹನ ಉದ್ಯಮದ ಗುಣಮಟ್ಟ ಮಾನದಂಡ ಐಎಟಿಎಫ್ 16949 ಪ್ರಕಾರ, ಒಪ್ಪಿದ ಅಳತೆಗೆ ಹೊಂದದ ಮಾಲನ್ನು ಮುಂದಿನ ಹಂತಕ್ಕೆ ಒಯ್ಯುವ ಮೊದಲೇ ಗ್ರಾಹಕರ ಅನುಮತಿ ಪಡೆದಿರಬೇಕು. ಪ್ಲಾಂಟ್ ಹೆಡ್‌ನ ‘ಓಕೆ’ ಅದಕ್ಕೆ ಸಾಲದು, ಗ್ರಾಹಕರ ಲಿಖಿತ ಒಪ್ಪಿಗೆಯೇ ಬೇಕು. ಶನಿವಾರ 220 ಪೀಸ್ ಮಾತ್ರ ಹೋದವು. ಮುಂದಿನ ವಾರ ಗ್ರಾಹಕರು ಗೋಡೆ ದಪ್ಪ 5.2 ಮಿಮೀ ಮತ್ತು ಮೇಲ್ಪಟ್ಟ 112 ಪೀಸುಗಳನ್ನು ಒಪ್ಪಿ, 68ನ್ನು ಬೇಡವೆಂದರು. ಆ 68ರ ಮೇಲೆ ಆಗಲೇ ನಾಲ್ಕೂವರೆ ಗಂಟೆ ಮಷಿನ್ ಓಡಿತ್ತು. ಇನ್ನೂ ನೋವಿನ ಸಂಗತಿಯೆಂದರೆ ಫೌಂಡ್ರಿಯ ಉತ್ತರ: ಗೋಡೆ ತೆಳು ಎಂದು ಗೊತ್ತಿದ್ದೂ ಮಷಿನ್‌ಗೆ ಹಾಕಿದ್ದೀರಿ, ಈಗ ವಾಪಸ್ ತೆಗೆದುಕೊಳ್ಳುವುದಿಲ್ಲ. ಕಚ್ಚಾ ಕಾಸ್ಟಿಂಗ್ ಆಗಿಯೇ ಹಿಂದೆ ಹೋಗಿದ್ದರೆ ಆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ.

ಮೇಲ್ ಎಲ್ಲಿ ತಪ್ಪಿತು

ಮೇಲ್ ಉದ್ದವಾಗಿತ್ತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಇದೇ ಮೇಲನ್ನು ಅರ್ಧಕ್ಕೆ ಇಳಿಸಿ ಮೂರೂ ಕೋರಿಕೆಗಳನ್ನು ಉಳಿಸಿಕೊಂಡಿದ್ದರೂ ‘ಓಕೆ, ಮಾಡಿ’ ಬಂದೇ ಬರುತ್ತಿತ್ತು, ಅದರ ಅರ್ಥವೂ ಅಷ್ಟೇ ಗೋಜಲಾಗಿರುತ್ತಿತ್ತು. ಮೇಲಿನವರಿಂದ ಬರುವ ಉತ್ತರ ಯಾವಾಗಲೂ ಚಿಕ್ಕದು. ಓಕೆ, ಹೂಂ, ಆಗಲಿ, ನೋಡೋಣ, ಅಥವಾ ಹೆಬ್ಬೆರಳಿನ ಚಿತ್ರ. ಹಾಗಾಗಿ ಬರೆಯುವಾಗ ಕೇಳಿಕೊಳ್ಳಬೇಕಾದ್ದು ಇದು: ಈ ಮೇಲ್‌ಗೆ ‘ಓಕೆ’ ಎಂದಷ್ಟೇ ಉತ್ತರ ಬಂದರೆ ಅದಕ್ಕೆ ಎಷ್ಟು ಅರ್ಥ? ಒಂದಕ್ಕಿಂತ ಹೆಚ್ಚಿದ್ದರೆ ಮೇಲ್ ಇನ್ನೂ ಕಳಿಸುವ ಹಾಗಿಲ್ಲ. ಒಂದು ಮೇಲ್‌ಗೆ ಒಂದೇ ಕೋರಿಕೆ ಎಂಬ ಮಾತಿನ ಹಿಂದಿನ ಕಾರಣ ಇದೇ.

ಮೂರು ಕೋರಿಕೆಗಳನ್ನು ಬಿಡಿಸಿ ಮೇಜಿನ ಮೇಲಿಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ಗುರುವಾರದ ಓಟಿ ಬೇಕಿದ್ದುದೇ ಆ 180 ತೆಳು ಪೀಸುಗಳಿಗಾಗಿ. 220 ಪೀಸ್ ಬುಧವಾರದ ಎರಡು ಪಾಳಿಯಲ್ಲಿ ಮುಗಿಯುತ್ತವೆ. 220ನ್ನು ನಾಲ್ಕರಿಂದ ಗುಣಿಸಿದರೆ 880 ನಿಮಿಷ, ಅಂದರೆ 14 ಗಂಟೆ 40 ನಿಮಿಷ. ಗ್ರಾಹಕರು ಡೀವಿಯೇಶನ್ ಕೊಟ್ಟರಷ್ಟೇ ಓಟಿಯ ಪ್ರಶ್ನೆ ಏಳುತ್ತದೆ. ಮೇಲ್‌ನಲ್ಲಿ ಆ ಅವಲಂಬನೆ ಎಲ್ಲೂ ಇಲ್ಲ. ಇಲ್ಲದಿರುವುದಷ್ಟೇ ಅಲ್ಲ, ಅನುಕ್ರಮವೇ ತಿರುವುಮುರುವಾಗಿದೆ: ಆಮೇಲೆ ಕೇಳಬೇಕಾದ್ದು ಎರಡನೇ ಪ್ಯಾರಾದಲ್ಲಿ, ಮೊದಲು ಕೇಳಬೇಕಾದ್ದು ನಾಲ್ಕನೇದರಲ್ಲಿ. ಇನ್ನು ಗೇಜಿನ ಕೊಟೇಶನ್‌ಗೆ ತಿಂಗಳ ಕೊನೆಯವರೆಗೆ ಸಮಯವಿದೆ. ಅದು ಹೋಗಬೇಕಾದ್ದು ಅಕೌಂಟ್ಸ್‌ಗೆ, ಪ್ಲಾಂಟ್ ಹೆಡ್ ಸಿಸಿಯಲ್ಲಿದ್ದರೆ ಸಾಕು.

ಹಾಗಾದರೆ ಮಂಗಳವಾರ ಸಂಜೆ ಪ್ಲಾಂಟ್ ಹೆಡ್‌ಗೆ ಹೋಗಬೇಕಾಗಿದ್ದುದು ಒಂದೇ ಮೇಲ್. ‘ಒಂದೊಂದಕ್ಕೂ ಬೇರೆ ಮೇಲ್ ಬರೆದರೆ ಸಾಹೇಬರಿಗೆ ಕಿರಿಕಿರಿ’ ಎಂಬ ಹಿಂಜರಿಕೆ ಬಹಳ ಕಚೇರಿಗಳಲ್ಲಿ ಇದೆ. ಆದರೆ ಯಾರು ಮಾಡಬೇಕು, ಯಾವ ಹೊತ್ತಿನೊಳಗೆ ಆಗಬೇಕು ಎಂಬ ಎರಡು ಪ್ರಶ್ನೆಯಿಂದ ಬಿಡಿಸುತ್ತಾ ಹೋದರೆ, ಒಬ್ಬರಿಗೆ ಒಂದು ದಿನ ಹೋಗುವ ಮೇಲ್ ಸಾಮಾನ್ಯವಾಗಿ ಕಡಿಮೆಯೇ ಆಗುತ್ತದೆ.

ವಿಷಯದ ಸಾಲು

‘Re: Fwd: ಕಾಸ್ಟಿಂಗ್ ಸಂಬಂಧ - ಅರ್ಜೆಂಟ್’ ಹುಟ್ಟಿದ ಬಗೆ ಹೀಗೆ: ಕಳೆದ ವಾರ ಲಾರಿ ತಡವಾದ ಬಗ್ಗೆ ನಡೆದಿದ್ದ ಮೇಲ್ ಸರಣಿಯನ್ನೇ ತೆರೆದು, ಅದರ ಮೇಲೆ ಹೊಸ ಸಂಗತಿ ಬರೆದಿದ್ದಾರೆ. ವಿಳಾಸಗಳನ್ನು ಮತ್ತೆ ಹಾಕುವ ಶ್ರಮ ಉಳಿಯಿತು. ಆದರೆ ಜಿಮೇಲ್‌ನಂಥವು ಒಂದೇ ವಿಷಯದ ಸಾಲಿನ ಉತ್ತರಗಳನ್ನು ಒಂದೇ ಸರಣಿಗೆ ಪೋಣಿಸುತ್ತವೆ. ಪ್ಲಾಂಟ್ ಹೆಡ್‌ಗೆ ಅದು ಹಳೆಯ ಲಾರಿ ರಗಳೆಯ ಇನ್ನೊಂದು ಕಂತಾಗಿ ಕಂಡಿತು. ‘ಓಟಿ ಮಾಡಿ ಸರಿದೂಗಿಸಿಕೊಳ್ಳಲಿ’ ಎಂಬ ಉತ್ತರ ಮೇಲ್ ತೆರೆಯುವ ಮೊದಲೇ ಅವರ ಮನಸ್ಸಿನಲ್ಲಿ ಇದ್ದಿರಬೇಕು. ಹೊಸ ಕೋರಿಕೆಗೆ ಹೊಸ ಮೇಲ್, ಹೊಸ ವಿಷಯ. ಜಿಮೇಲ್‌ನಲ್ಲಿ ವಿಷಯದ ಸಾಲು ಬದಲಿಸಿದರೆ ಸರಣಿಯೂ ಬೇರೆಯಾಗುತ್ತದೆ.

ಇನ್ನು ‘ಅರ್ಜೆಂಟ್’. ಅದು ಬರೆಯುವವರ ಆತಂಕವನ್ನು ಹೇಳುತ್ತದೆ, ಗಡುವನ್ನು ಹೇಳುವುದಿಲ್ಲ. ‘ಬುಧವಾರ ಮಧ್ಯಾಹ್ನ 12ರೊಳಗೆ’ ಎಂದರೆ ಓದುಗರು ತಾವೇ ಅದರ ತುರ್ತನ್ನು ಅಳೆಯುತ್ತಾರೆ. ವಾರಕ್ಕೆ ಐದು ಸಲ ಅರ್ಜೆಂಟ್ ಬಂದ ಕಡೆ ಆರನೇ ಸಲ ಯಾರೂ ತಿರುಗಿ ನೋಡುವುದಿಲ್ಲ.

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ‘ಇವರಿಂದ, ಇವರಿಗೆ, ಮಾನ್ಯರೇ, ವಿಷಯ’ ಎಂಬ ಪತ್ರದ ಕ್ರಮ ಗೊತ್ತು. ಅಲ್ಲಿ ಮೇಷ್ಟ್ರು ಕಲಿಸಿದ್ದು ‘ವಿಷಯ: ಮೂರು ದಿನ ರಜೆ ಕೋರಿ’ ಎಂದು, ‘ವಿಷಯ: ರಜೆ ಸಂಬಂಧ’ ಎಂದಲ್ಲ. ಏನು ಬೇಕು ಎಂಬುದು ವಿಷಯದ ಸಾಲಿನಲ್ಲೇ ಇರಬೇಕೆಂಬ ಪಾಠ ಅಷ್ಟು ಹಳೆಯದು. ಕಚೇರಿಗೆ ಬಂದ ಮೇಲೆ ಅದು ‘ಸಂಬಂಧ’, ‘ಕುರಿತು’, ‘ಬಗ್ಗೆ’ಗಳಲ್ಲಿ ಕರಗಿಹೋಗುತ್ತದೆ.

ತಿದ್ದುವಾಗ ಮೊದಲು ಹೊಳೆಯುವ ಸಾಲು ಇದು: ‘180 ಪಂಪ್ ಬಾಡಿ ಡೀವಿಯೇಶನ್‌ಗೆ ಒಪ್ಪಿಗೆ ಬೇಕು’. ಚೆನ್ನಾಗಿದೆ ಅನ್ನಿಸುತ್ತದೆ. ಓಕೆ ಪರೀಕ್ಷೆಗೆ ಹಚ್ಚಿ ನೋಡಿ. ‘ಓಕೆ’ ಎಂದರೆ ಪ್ಲಾಂಟ್ ಹೆಡ್ ತಾವೇ ಡೀವಿಯೇಶನ್ ಕೊಟ್ಟರೆಂದೇ, ಅಥವಾ ಗ್ರಾಹಕರನ್ನು ಕೇಳಲು ಒಪ್ಪಿದರೆಂದೇ? ಮೊದಲನೇ ಅರ್ಥ ಹಿಡಿದರೆ ಗುರುವಾರದ ಕತೆ ಮತ್ತೆ ನಡೆಯುತ್ತದೆ. ಕೋರಿಕೆ ಒಂದೇ ಇದ್ದರೂ ಕ್ರಿಯಾಪದ ಮಸುಕಾಗಿದ್ದರೆ ಸಾಲದು. ಆದ್ದರಿಂದ ಹೀಗೆ:

> ಒಪ್ಪಿಗೆ ಬೇಕು, ಬುಧ ಮಧ್ಯಾಹ್ನ 12ರೊಳಗೆ: ಗ್ರಾಹಕರಿಗೆ ಡೀವಿಯೇಶನ್ ಅರ್ಜಿ ಕಳಿಸಲು, 180 ಪಂಪ್ ಬಾಡಿ, ಲಾಟ್ 27

ಕ್ರಮವನ್ನು ಗಮನಿಸಿ. ಫೋನಿನ ಪರದೆಯಲ್ಲಿ ವಿಷಯದ ಸಾಲು ಪೂರ್ತಿ ಕಾಣುವುದಿಲ್ಲ. ಎಷ್ಟು ಕಾಣುತ್ತದೆ ಎಂಬುದು ಫೋನನ್ನೂ ಆ್ಯಪನ್ನೂ ಅವಲಂಬಿಸಿದ್ದು, ಆದರೆ ಮೊದಲ ಐದಾರು ಪದಕ್ಕಿಂತ ಹೆಚ್ಚು ನೆಚ್ಚಿಕೊಳ್ಳಬಾರದು. ಕನ್ನಡ ಲಿಪಿಯಲ್ಲಿ ಬರೆದರೆ ಅಕ್ಷರಗಳು ಅಗಲ, ಇನ್ನೂ ಕಡಿಮೆ ಹಿಡಿಯುತ್ತವೆ. ಹಾಗಾಗಿ ಏನು ಮಾಡಬೇಕು, ಯಾವ ಹೊತ್ತಿನೊಳಗೆ ಎಂಬ ಎರಡೂ ಮುಂದೆ. ಲಾಟ್ ನಂಬರ್ ಕೊನೆಗೆ, ಏಕೆಂದರೆ ಅದು ಇವತ್ತಿನ ಓದುಗರಿಗಲ್ಲ. ಆರು ತಿಂಗಳ ನಂತರ ಆಡಿಟ್ ಬಂದಾಗ ‘ಲಾಟ್ 27’ ಎಂದು ಹುಡುಕುವವರಿಗೆ. ಅರ್ಧ ಕತ್ತರಿಸಿದರೂ ಅವರ ಹುಡುಕಾಟಕ್ಕೆ ಅದು ಸಿಗುತ್ತದೆ.

ವಿಷಯದ ಪಕ್ಕದಲ್ಲಿ, ಮೇಲ್ ತೆರೆಯದೆಯೇ, ಮೊದಲ ಸಾಲಿನ ತುಣುಕೂ ಕಾಣುತ್ತದೆ. ಹಳೆಯ ಮೇಲ್‌ನಲ್ಲಿ ಆ ಜಾಗವನ್ನು ತುಂಬಿದ್ದು ‘ಗೌರವಾನ್ವಿತ ಸರ್, ನಮಸ್ಕಾರ. ತಾವು ಕ್ಷೇಮವೆಂದು...’. ಓದುಗರು ಉಚಿತವಾಗಿ ಕೊಟ್ಟ ಒಂದು ಸಾಲು ಅಲ್ಲಿ ವ್ಯರ್ಥವಾಯಿತು. ‘ಸರ್,’ ಎಂದು ಬರೆದು ನೇರ ಕೋರಿಕೆಗೆ ಬಂದರೆ ಒರಟಾಗುತ್ತದೆಂಬ ಅಳುಕು ನಮ್ಮ ಕಡೆಯವರಲ್ಲಿ ಹೆಚ್ಚು. ಹಿರಿಯರ ಎದುರು ಸುತ್ತಿ ಬಳಸಿ ಹೇಳುವುದೇ ವಿನಯವೆಂದು ಬೆಳೆದವರು ನಾವು. ಎದುರಿಗೆ ಕೂತಾಗ ಅದು ಸರಿಯೇ, ಅಲ್ಲಿ ಮುಖ ನೋಡಿ ಮಾತು ಹೊಂದಿಸಿಕೊಳ್ಳಬಹುದು. ಮೇಲ್‌ನಲ್ಲಿ ಅವರ ಸಮಯ ಉಳಿಸುವುದೇ ಮರ್ಯಾದೆ. ‘ಸರ್’, ‘ಕೊಡಿ’ ಎಂಬ ಬಹುವಚನ, ಕೊನೆಗೆ ಹೆಸರು: ಇಷ್ಟರಲ್ಲಿ ಗೌರವ ಪೂರ್ತಿಯಾಗಿ ನಿಲ್ಲುತ್ತದೆ.

ತಿದ್ದಿದ ಮೇಲ್

> ಸರ್,
>
> 180 ಪಂಪ್ ಬಾಡಿಗಳ ಡೀವಿಯೇಶನ್ ಅರ್ಜಿಯನ್ನು ಗ್ರಾಹಕರ ಕ್ವಾಲಿಟಿಗೆ ಕಳಿಸಲು ಒಪ್ಪಿಗೆ ಕೊಡಿ. ಬುಧವಾರ, 10ನೇ ತಾರೀಖು, ಮಧ್ಯಾಹ್ನ 12ರೊಳಗೆ ಬೇಕು.
>
> ಡ್ರಾಯಿಂಗಿನಲ್ಲಿ ಗೋಡೆ ದಪ್ಪ ಕನಿಷ್ಠ 5.5 ಮಿಮೀ. ಈ 180ರಲ್ಲಿ ಸಿಕ್ಕಿದ್ದು 5.1ರಿಂದ 5.3. ಕೋರ್ ಒಂದು ಬದಿಗೆ ಸರಿದಿದೆ. ಉಳಿದ 220 ಸರಿ ಇವೆ.
>
> ಗ್ರಾಹಕರ ಲಿಖಿತ ಉತ್ತರ ಬರುವವರೆಗೆ ಈ 180 ಮಷಿನ್‌ಗೆ ಹೋಗುವುದಿಲ್ಲ. ಟ್ಯಾಗ್ ಹಾಕಿ ಬೇರೆ ಇಟ್ಟಿದೆ. ಉತ್ತರ ಬರದಿದ್ದರೆ ಶನಿವಾರ 220 ಮಾತ್ರ ಕಳಿಸುತ್ತೇವೆ.
>
> ಭರ್ತಿ ಮಾಡಿದ ಅರ್ಜಿ, ಅಳತೆ ಪಟ್ಟಿ ಲಗತ್ತಿಸಿದೆ.

ಸಿಸಿಯಲ್ಲಿ ಕ್ವಾಲಿಟಿ ಇಂಜಿನಿಯರ್ ಮತ್ತು ಸೂಪರ್‌ವೈಸರ್ ಮಾತ್ರ. ಸೂಪರ್‌ವೈಸರ್ ಏಕೆಂದರೆ ‘ಮಷಿನ್‌ಗೆ ಹೋಗುವುದಿಲ್ಲ’ ಎಂಬ ಸಾಲು ಅವರಿಗೂ ತಿಳಿದಿರಬೇಕು. ಸ್ಟೋರ್ಸ್, ಅಕೌಂಟ್ಸ್‌ಗೆ ಇದರಲ್ಲಿ ಕೆಲಸವಿಲ್ಲ.

ಈಗ ‘ಓಕೆ’ ಬಂದರೆ ಅದಕ್ಕಿರುವುದು ಒಂದೇ ಅರ್ಥ: ಅರ್ಜಿ ಕಳಿಸಿ. ‘ಬೇಡ’ ಎಂದರೂ ಒಂದೇ ಅರ್ಥ. ಪ್ಲಾಂಟ್ ಹೆಡ್ ಲಗತ್ತನ್ನು ತೆರೆಯದಿದ್ದರೂ, ಎರಡನೇ ಪ್ಯಾರಾ ಓದದಿದ್ದರೂ ತಪ್ಪು ಮಾಲು ಮಷಿನ್ ಹತ್ತುವುದಿಲ್ಲ.

ಏನನ್ನು ಕತ್ತರಿಸಿದ್ದು, ಏನನ್ನು ಸೇರಿಸಿದ್ದು

ಕತ್ತರಿಸುವಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದನ್ನು ತೆಗೆದರೆ ಅವರ ತೀರ್ಮಾನ ಬದಲಾಗುತ್ತದೆಯೇ? ಲಾರಿ ತಡವಾದದ್ದು, ಮೂರು ಸಲ ಫೋನ್ ಮಾಡಿದ್ದು, ಫೌಂಡ್ರಿಯವರು ಹೇಳಿದ ನೆಪ: ಇವುಗಳಿಂದ ಡೀವಿಯೇಶನ್ ತೀರ್ಮಾನ ಬದಲಾಗುವುದಿಲ್ಲ. ಅವು ಬರೆದವರ ಸಮರ್ಥನೆ, ‘ತಡವಾದದ್ದು ನನ್ನಿಂದಲ್ಲ’ ಎಂದು ಹೇಳಿಕೊಳ್ಳುವ ಸಾಲುಗಳು. ಉದ್ದದ ಮೇಲ್‌ಗಳಲ್ಲಿ ಬಹುಪಾಲು ಜಾಗ ತಿನ್ನುವುದು ಇಂಥವೇ. ಅದರ ದಾಖಲೆ ಬೇಕಿದ್ದರೆ ಫೌಂಡ್ರಿಗೆ ಬರೆಯುವ ಮೇಲ್‌ನಲ್ಲಿ ಇರಲಿ, ಅಲ್ಲಿ ಅದಕ್ಕೆ ಕೆಲಸವಿದೆ.

‘ತಮಗೆ ತಿಳಿದಿರುವಂತೆ’ ಹೋಯಿತು. ತಿಳಿದಿದ್ದರೆ ಬರೆಯುವುದು ಬೇಡ, ತಿಳಿದಿಲ್ಲದಿದ್ದರೆ ಆ ಮಾತು ಸುಳ್ಳು. ‘ಅಗತ್ಯ ಕ್ರಮ ಕೈಗೊಳ್ಳಬೇಕೆಂದು ವಿನಂತಿ’ಯೂ ಹೋಯಿತು. ಯಾವ ಕ್ರಮ ಅಗತ್ಯವೆಂದು ಗೊತ್ತಿರುವುದು ಬರೆಯುವವರಿಗೆ. ಅದನ್ನು ಊಹಿಸುವ ಹೊರೆಯನ್ನು ಓದುವವರ ಮೇಲೆ ಹೊರಿಸಬಾರದು.

ಹಳೆಯ ಮೇಲ್‌ನ ನಾಲ್ಕನೇ ಪ್ಯಾರಾ ಇನ್ನೊಂದು ಕಾರಣಕ್ಕೆ ನೋಡುವಂಥದ್ದು. ಅದು ಇಡೀ ಒಂದೇ ವಾಕ್ಯ. ‘ಬಂದಿದ್ದು’, ‘ತಿಳಿಸಲಾಗಿ’, ‘ಹೇಳಿದ್ದು’ ಎಂದು ಕೊಂಡಿ ಹಾಕುತ್ತಾ ಹೋಗಿ, ಕೋರಿಕೆ ಬರುವುದು ಕಟ್ಟಕಡೆಯ ಕ್ರಿಯಾಪದದಲ್ಲಿ. ಕನ್ನಡ ವಾಕ್ಯದ ಸ್ವಭಾವವೇ ಹಾಗೆ, ಕ್ರಿಯಾಪದ ಕೊನೆಗೆ ಬರುತ್ತದೆ. ಸರ್ಕಾರಿ ಪತ್ರಗಳು ಅದನ್ನು ಇನ್ನೂ ಎಳೆದು ಅಭ್ಯಾಸ ಮಾಡಿಸಿವೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವಾಗಲೂ ಮೊದಲು ಕಾರಣಗಳೆಲ್ಲ, ಕೊನೆಗೆ ಕೋರಿಕೆ ಎಂಬ ಅದೇ ಕ್ರಮ ಇಳಿದುಬರುತ್ತದೆ. ಇದಕ್ಕೆ ಮದ್ದು ವಾಕ್ಯ ತುಂಡರಿಸುವುದು. ‘ಒಪ್ಪಿಗೆ ಕೊಡಿ’ ಎಂಬುದು ವಾಕ್ಯದ ಕೊನೆಯಲ್ಲೇ ಇರಲಿ, ಆದರೆ ಆ ವಾಕ್ಯ ಮೊದಲನೆಯದಾಗಿರಲಿ, ಹತ್ತು ಪದ ದಾಟದಿರಲಿ.

ಚಿಕ್ಕದು ಮಾಡುವಾಗ ಎಡವುವ ಜಾಗವೂ ಇಲ್ಲೇ ಇದೆ. ಅಷ್ಟು ಉದ್ದದ ಹಳೆಯ ಮೇಲ್‌ನಲ್ಲಿ ತೀರ್ಮಾನಕ್ಕೆ ಬೇಕಾದ ಅಂಕಿಯೇ ಇರಲಿಲ್ಲ. ‘ಸ್ವಲ್ಪ ತೆಳ್ಳಗೆ’ ಎಂದರೆ ಎಷ್ಟು? 5.4 ಇದ್ದರೆ ಒಂದು ಮಾತು, 5.1 ಇದ್ದರೆ ಬೇರೆ. ‘ಸುಮಾರು 180’ ಎಂದರೆ ಎಣಿಸಿದ್ದೇ, ಅಂದಾಜೇ? ತಿದ್ದಿದ ಮೇಲ್‌ಗೆ ಹೊಸದಾಗಿ ಸೇರಿದ್ದು ಮೂರು: ಇರಬೇಕಾದ ಅಳತೆ, ಸಿಕ್ಕ ಅಳತೆ, ಮತ್ತು ಉತ್ತರ ಬರದಿದ್ದರೆ ಏನಾಗುತ್ತದೆ ಎಂಬುದು. ಈ ಮೂರನ್ನು ಕತ್ತರಿಸಿದರೆ ಮೇಲ್ ಇನ್ನೂ ಚಿಕ್ಕದಾಗುತ್ತದೆ, ಆದರೆ ‘ಎಷ್ಟಿದೆ?’ ಎಂದು ಮರುಪ್ರಶ್ನೆ ಬಂದು ಅರ್ಧ ದಿನ ಹೋಗುತ್ತದೆ. ಮರುಪ್ರಶ್ನೆ ಬಂತೆಂದರೆ ಕತ್ತರಿ ತಪ್ಪು ಕಡೆ ಬಿದ್ದಿದೆ ಎಂದೇ ತಿಳಿಯಬೇಕು.

‘ಉತ್ತರ ಬರದಿದ್ದರೆ’ ಸಾಲಿನಲ್ಲಿ ಒಂದು ಎಚ್ಚರ ಬೇಕು. ಕೆಲವರು ‘ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇವೆ’ ಎಂದು ಬರೆಯುತ್ತಾರೆ. ಸಭೆಯ ಸಮಯ, ಊಟದ ಆರ್ಡರ್‌ಗೆ ಅದು ನಡೆಯುತ್ತದೆ. ಗುಣಮಟ್ಟ, ಹಣ, ಸುರಕ್ಷತೆಯ ವಿಷಯಕ್ಕೆ ಸುಮ್ಮನಿರುವುದನ್ನು ಎಂದೂ ಒಪ್ಪಿಗೆ ಮಾಡಿಕೊಳ್ಳಬಾರದು. ಅಲ್ಲಿ ಉತ್ತರ ಬರದಿದ್ದರೆ ಮಾಲು ನಿಂತಲ್ಲೇ ನಿಲ್ಲುತ್ತದೆ ಎಂದೇ ಬರೆಯಬೇಕು.

ಒಂದೇ ಕೋರಿಕೆ ಎಂಬ ನಿಯಮ ಎಲ್ಲಿ ಸಡಿಲವಾಗುತ್ತದೆ

ಒಬ್ಬರೇ, ಒಂದೇ ಹೊತ್ತಿಗೆ, ಒಂದಕ್ಕೊಂದು ಅವಲಂಬಿಸದ ಎರಡು ಮೂರು ಸಣ್ಣ ತೀರ್ಮಾನ ಕೊಡಬೇಕಿದ್ದರೆ ಒಂದೇ ಮೇಲ್ ಸಾಕು. ತಿಂಗಳ ಕೊನೆಗೆ ಮೂರು ಬಿಲ್‌ಗಳ ಮಂಜೂರಾತಿ ಅಂಥದ್ದು. ಆಗ 1, 2, 3 ಎಂದು ಅಂಕಿ ಹಾಕಿ, ವಿಷಯದಲ್ಲೇ ‘3 ಬಿಲ್ ಮಂಜೂರಾತಿ’ ಎಂದು ಎಣಿಕೆ ಹೇಳಿ, ಮೊದಲ ಸಾಲಿನಲ್ಲಿ ‘1 ಹೌದು, 2 ಹೌದು, 3 ಬೇಡ ಎಂಬಂತೆ ಉತ್ತರಿಸಿದರೆ ಸಾಕು’ ಎಂದು ಬರೆಯಬೇಕು. ಆದರೂ ಬರಿ ‘ಓಕೆ’ ಬಂದರೆ? ಮೂರಕ್ಕೂ ಓಕೆ ಎಂದು ಹಿಡಿದುಕೊಳ್ಳದೆ, ‘ಮೂರೂ ಮಂಜೂರೆಂದು ತಿಳಿದೆವು, ಇವತ್ತು ಪಾವತಿಗೆ ಹಾಕುತ್ತೇವೆ’ ಎಂದು ಒಂದು ಸಾಲು ಹಿಂದೆ ಕಳಿಸಬೇಕು. ಈ ಒಂದು ಸಾಲನ್ನು ಬುಧವಾರ ಬೆಳಿಗ್ಗೆ ಕ್ವಾಲಿಟಿ ಇಂಜಿನಿಯರ್ ಕಳಿಸಿದ್ದರೆ, ಹಳೆಯ ಮೇಲ್ ಅಷ್ಟು ಕೆಟ್ಟದ್ದಾಗಿದ್ದರೂ ಮಷಿನ್ ನಿಲ್ಲುತ್ತಿತ್ತು. ಗೋಜಲು ಮೇಲ್ ಬರೆದವರಷ್ಟೇ ಅಲ್ಲ, ಗೋಜಲು ಉತ್ತರದ ಮೇಲೆ ಕೆಲಸ ಶುರು ಮಾಡುವವರೂ ಇದನ್ನು ರೂಢಿ ಮಾಡಿಕೊಳ್ಳಬೇಕು.

ಬೆಳಗಾವಿಗೆ ಬರೆಯುವ ಮೇಲ್‌ನಲ್ಲಿ ಇನ್ನೊಂದು ತೊಡಕಿದೆ. ವಾರದ ರಜೆ ಎಲ್ಲ ಊರಲ್ಲೂ ಒಂದೇ ದಿನ ಅಲ್ಲ. ಬುಧವಾರ ಸಂಜೆ ‘ನಾಳೆ ತಿಳಿಸುತ್ತೇವೆ’ ಎಂದು ಭೋಸರಿಯಿಂದ ಹೋದರೆ, ಗುರುವಾರ ಇಲ್ಲಿ ಬಾಗಿಲು ಹಾಕಿರುವುದು ಅಲ್ಲಿನವರಿಗೆ ಹೊಳೆಯದಿರಬಹುದು. ‘ನಾಳೆ’, ‘ಈ ವಾರ’, ‘ಸಂಜೆಯೊಳಗೆ’ ಎಂಬುವನ್ನು ಬಿಟ್ಟು ವಾರ, ತಾರೀಖು, ಗಂಟೆ ಮೂರನ್ನೂ ಬರೆದರೆ ಸರಿ. ಬರಿ ತಾರೀಖು ಬರೆದಾಗ ಒಂದಂಕಿ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ, ವಾರವೂ ಜೊತೆಗಿದ್ದರೆ ತಪ್ಪು ಕೂಡಲೇ ಕಾಣುತ್ತದೆ.

ಬುಧವಾರ 12 ದಾಟಿದರೆ

ಗಡುವು ದಾಟಿ ಉತ್ತರ ಬರದಿದ್ದರೆ ‘ಜ್ಞಾಪನೆ’ ಎಂಬ ಹೊಸ ವಿಷಯದ ಮೇಲ್ ಬೇಡ. ಅದೇ ಸರಣಿಯಲ್ಲಿ, ವಿಷಯ ಬದಲಿಸದೆ, ಒಂದು ಸಾಲು ಸಾಕು: ‘ಸರ್, 12 ಆಯಿತು. 180 ಪೀಸ್ ನಿಲ್ಲಿಸಿಯೇ ಇದೆ. ಫೋನ್ ಮಾಡುತ್ತಿದ್ದೇನೆ.’ ಆಮೇಲೆ ಫೋನ್ ಮಾಡಲೇಬೇಕು. ಮಾಲು ಕೈಯಲ್ಲಿ ನಿಂತಿರುವಾಗ ಮೇಲ್ ಕಳಿಸಿ ಕೂರುವುದು ಕೆಲಸವಲ್ಲ.

ಫೋನಿನಲ್ಲಿ ಅವರು ‘ಕಳಸ್ರಿ’ ಅಂದರೆ, ಫೋನ್ ಇಟ್ಟ ಐದು ನಿಮಿಷದೊಳಗೆ ಅದೇ ಸರಣಿಗೆ ಇದು ಸೇರಬೇಕು:

> ಸರ್, ಈಗ ಫೋನಿನಲ್ಲಿ ತಾವು ಹೇಳಿದಂತೆ 180 ಪಂಪ್ ಬಾಡಿ, ಲಾಟ್ 27ರ ಡೀವಿಯೇಶನ್ ಅರ್ಜಿಯನ್ನು ಗ್ರಾಹಕರಿಗೆ 12.20ಕ್ಕೆ ಕಳಿಸಿದೆ. ಅವರ ಉತ್ತರ ಬಂದ ಮೇಲೆ ಗುರುವಾರದ ಓಟಿಗೆ ಬೇರೆ ಮೇಲ್ ಕಳಿಸುತ್ತೇನೆ.